ಹತ್ತೋಕೆ ಕೈ, ಇಳಿಯೋಕೆ ಮೂಗು

ನಲವತ್ತು ದಾಟಿದ ಗಂಡಸಿಗೆ ಮೂರರಲ್ಲಿ ಒಂದು ಕಾಯಿಲೆ ಹಿಡಿದೇ ಹಿಡಿಯುತ್ತದೆ ಅನ್ನುವುದು ನನ್ನ ಹೆಂಡತಿಯ ಸಿದ್ಧಾಂತ. ಊರಾಚೆ ಸೈಟು ನೋಡಲು ಹೋಗುವುದು, ಅಡುಗೆಮನೆಗೆ ಬಂದು ಒಗ್ಗರಣೆಗೆ ಸಲಹೆ ಕೊಡುವುದು, ಇಲ್ಲವೇ ಓಡುವುದು. ಮೂರನೆಯದು ಬಂದಿದ್ದಕ್ಕೆ ಅವಳು ಒಳಗೊಳಗೇ ಖುಷಿಪಟ್ಟಿದ್ದಳು. ಖರ್ಚು ಒಂದು ಜೊತೆ ಶೂಗೆ ಮುಗಿಯುತ್ತದೆ, ಒಗ್ಗರಣೆಯೂ ಕ್ಷೇಮ ಅಂತ.

ಮೈಸೂರಿನ ಸಪಾಟು ರಸ್ತೆಗಳಲ್ಲಿ ಎರಡು ಸಲ ಹಾಫ್ ಮ್ಯಾರಥಾನ್ ಮುಗಿಸಿದ್ದೆ. ಎರಡೂಕಾಲು ಗಂಟೆ. ದೊಡ್ಡ ಸಾಧನೆಯೇನಲ್ಲ, ಆದರೆ ಪದಕವನ್ನು ಟೀವಿ ಪಕ್ಕ ನೇತುಹಾಕಿದ ಮೇಲೆ ಮನುಷ್ಯನ ಮಾತು ಸ್ವಲ್ಪ ಬದಲಾಗುತ್ತದೆ. ಆ ಗತ್ತಿನಲ್ಲೇ ಚಿಕ್ಕಮಗಳೂರು ಕಡೆಯ ಕಾಫಿ ತೋಟಗಳೊಳಗೆ ನಡೆಯುವ ಒಂದು ಟ್ರೈಲ್ ಓಟಕ್ಕೆ ಹೆಸರು ಕೊಟ್ಟೆ. ಅದೂ ಇಪ್ಪತ್ತೊಂದೇ ಕಿಲೋಮೀಟರ್. ಇಪ್ಪತ್ತೊಂದಕ್ಕೆ ಇಪ್ಪತ್ತೊಂದು, ಸಮಕ್ಕೆ ಸಮ. ಅದರ ಕೆಳಗಿನ ಸಾಲಿನಲ್ಲಿ 'ಒಟ್ಟು ಏರು 900 ಮೀಟರ್, ಗಡುವು 6 ಗಂಟೆ' ಅಂತ ಇತ್ತು. ಸಾಲದ ಪತ್ರದ ಸಣ್ಣಕ್ಷರ ಓದಿ ಸಹಿ ಹಾಕಿದವರು ಯಾರಾದರೂ ಇದ್ದರೆ ಅವರು ಮಾತ್ರ ನನ್ನನ್ನು ನೋಡಿ ನಗಬಹುದು.

ಮೊದಲು ನಕ್ಕವನು ಬಾಮೈದ. ಮೂಡಿಗೆರೆ ಕಡೆ ತೋಟ ನೋಡಿಕೊಂಡಿದ್ದಾನೆ. 'ಎಷ್ಟು ಹೊತ್ತು ಹಿಡೀಬಹುದು ಭಾವ?' ಅಂತ ಫೋನಿನಲ್ಲಿ ಕೇಳಿದ. ಸ್ವಲ್ಪ ಗುಡ್ಡ ಇದೆಯಲ್ಲ ಅಂತ ಹದಿನೈದು ನಿಮಿಷ ಸೇರಿಸಿ, ಎರಡೂವರೆ ಗಂಟೆ ಅಂದೆ. ಆ ಕಡೆ ಸದ್ದಿಲ್ಲ. ಲೈನು ಕಟ್ಟಾಯಿತು ಅಂದುಕೊಂಡೆ. ಆಮೇಲೆ ಗೊತ್ತಾಯಿತು, ಅವನು ಫೋನನ್ನು ಎದೆಗೆ ಒತ್ತಿಕೊಂಡು ನಗುತ್ತಿದ್ದ.

ಅವನೇ ಒಂದು ಲೆಕ್ಕ ಹೇಳಿಕೊಟ್ಟ. ನೇಸ್ಮಿತ್ ಅನ್ನುವ ಸ್ಕಾಟ್ಲೆಂಡಿನವರೊಬ್ಬರು 1892ರಲ್ಲಿ ಬೆಟ್ಟ ನಡೆಯುವವರಿಗಾಗಿ ಹಾಕಿಟ್ಟ ಲೆಕ್ಕವಂತೆ. ಐದು ಕಿಲೋಮೀಟರಿಗೆ ಒಂದು ಗಂಟೆ, ಅದರ ಮೇಲೆ ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ. ಇಪ್ಪತ್ತೊಂದನ್ನು ಐದರಿಂದ ಭಾಗಿಸಿ: ನಾಲ್ಕು ಗಂಟೆ ಹನ್ನೆರಡು ನಿಮಿಷ. ಒಂಬೈನೂರು ಮೀಟರಿಗೆ ಒಂದೂವರೆ ಗಂಟೆ. ಒಟ್ಟು ಐದು ಗಂಟೆ ನಲವತ್ತೆರಡು ನಿಮಿಷ. ಗಡುವಿಗೆ ಹದಿನೆಂಟು ನಿಮಿಷ ಉಳಿಯಿತು. 'ಇದು ನಡೆಯೋರ ಲೆಕ್ಕ ಕಣೋ, ನಾನು ಓಡೋನು' ಅಂದೆ. 'ನೋಡೋಣ ಬಿಡಿ ಭಾವ' ಅಂದ. ಮಲೆನಾಡಿನವರು 'ನೋಡೋಣ' ಅಂದರೆ ತೀರ್ಪು ಆಗಿಹೋಗಿದೆ ಅಂತಲೇ ಅರ್ಥ.

ಓಟಕ್ಕೆ ಹತ್ತು ವಾರ ಇತ್ತು. ಮೈಸೂರಿನವನಿಗೆ ಏರು ಅಂದರೆ ಚಾಮುಂಡಿ ಬೆಟ್ಟ. ದೊಡ್ಡ ದೇವರಾಜ ಒಡೆಯರ ಕಾಲದಿಂದ ಇರುವ ಸಾವಿರ ಮೆಟ್ಟಿಲು, ಏಳುನೂರರ ಆಸುಪಾಸಿನಲ್ಲಿ ದೊಡ್ಡ ನಂದಿ. ನನ್ನ ಗಡಿಯಾರದ ಪ್ರಕಾರ ಬುಡದಿಂದ ತುದಿಗೆ ಇನ್ನೂರಿಪ್ಪತ್ತು ಮೀಟರ್ ಏರು. ನಾಲ್ಕು ಸಲ ಹತ್ತಿದರೆ ಹೆಚ್ಚುಕಮ್ಮಿ ರೇಸಿನ ಏರಷ್ಟೂ ಆಯಿತು. ಒಂದು ಭಾನುವಾರ ಬೆಳಗ್ಗೆ ಐದೂವರೆಗೆ ಹೋಗಿ ನಿಂತು, ಗಡಿಯಾರ ಒತ್ತಿ, ಓಡಿದೆ.

ನೂರು ಮೆಟ್ಟಿಲು ಚೆನ್ನಾಗಿತ್ತು. ಪಕ್ಕದಲ್ಲಿ ಮೆಟ್ಟಿಲಿಗೊಂದು ಅರಿಶಿನ, ಒಂದು ಕುಂಕುಮ ಇಡುತ್ತ ಹೋಗುತ್ತಿದ್ದ ಹುಡುಗಿಯರು ದಾರಿ ಬಿಟ್ಟರು. ಹೊಸ ಮದುಮಗನ ಹಾಗೆ ಮೇಲೆ ಹಾರಿದೆ. ನೂರೈವತ್ತಕ್ಕೆ ಕಿವಿಯಲ್ಲಿ ಡೋಲು. ಇನ್ನೂರರಲ್ಲಿ ಸೊಂಟಕ್ಕೆ ಕೈಕೊಟ್ಟು ನಿಂತೆ, ಊರಿನ ಸೌಂದರ್ಯ ನೋಡುವವನ ಹಾಗೆ. ಅಷ್ಟರಲ್ಲಿ ಬರಿಗಾಲಲ್ಲಿ ಒಬ್ಬರು ಅಜ್ಜಿ ಬಂದರು. ಅರವತ್ತೈದು ದಾಟಿರಬೇಕು. ಬೆನ್ನು ಒಂಚೂರು ಬಾಗಿದೆ, ಸೆರಗು ಸೊಂಟಕ್ಕೆ ಸಿಕ್ಕಿಸಿದ್ದಾರೆ, ಎರಡು ಕೈಯೂ ಎರಡು ತೊಡೆಯ ಮೇಲೆ. ಒಂದೊಂದೇ ಮೆಟ್ಟಿಲಿಗೆ ಕೈ ಒತ್ತುತ್ತ, ಒಂದೇ ತಾಳದಲ್ಲಿ ನನ್ನನ್ನು ದಾಟಿ ಹೋದರು. ಅವಮಾನವಾಯಿತು. ಮತ್ತೆ ಓಡಿ ಅವರನ್ನು ಹಿಂದೆ ಹಾಕಿ, ಮುನ್ನೂರರಲ್ಲಿ ಮತ್ತೆ ಸೌಂದರ್ಯ ನೋಡಿದೆ. ಅಜ್ಜಿ ಮತ್ತೆ ದಾಟಿದರು. ನಾಲ್ಕನೆಯ ಸಲ ಹೀಗಾದಾಗ ತಿರುಗಿ, 'ಯಾಕಪ್ಪಾ, ಮೈಯಲ್ಲಿ ಹುಷಾರಿಲ್ವಾ? ಕೂತ್ಕೊ' ಅಂದರು. ತುದಿಗೆ ಮುಟ್ಟಿದಾಗ ಗಡಿಯಾರ ಮೂವತ್ತೊಂದು ನಿಮಿಷ ಅಂತಿತ್ತು. ಅಜ್ಜಿ ಆಗಲೇ ದರ್ಶನದ ಸಾಲಿನಲ್ಲಿದ್ದರು.

ಮುಂದಿನ ಭಾನುವಾರ ನಾನು ಮಾನ ಬಿಟ್ಟು ಅಜ್ಜಿಯ ಹಾಗೆ ಹತ್ತಿದೆ. ಒಂದು ಹೆಜ್ಜೆಯೂ ಓಡಲಿಲ್ಲ, ಎಲ್ಲೂ ನಿಲ್ಲಲೂ ಇಲ್ಲ. ಇಪ್ಪತ್ತಾರು ನಿಮಿಷ. ಮೇಲೆ ಹೋದ ಮೇಲೆ ಮಾತಾಡುವಷ್ಟು ಉಸಿರೂ ಉಳಿದಿತ್ತು.

ಟ್ರೈಲ್ ಓಟದವರು ಇದಕ್ಕೆ ಪವರ್ ವಾಕಿಂಗ್ ಅನ್ನುತ್ತಾರೆ. ಹೆಸರು ದೊಡ್ಡದಾದರೂ ಕೆಲಸ ಅಜ್ಜಿಯದೇ. ಹೆಜ್ಜೆ ಗಿಡ್ಡ ಇರಬೇಕು. ಎರಡು ಮೆಟ್ಟಿಲು ಒಟ್ಟಿಗೆ ನುಂಗುವುದು ಸಿನಿಮಾದ ಹೀರೋಗಳಿಗೆ ಬಿಟ್ಟದ್ದು. ಅಂಗಾಲು ಆದಷ್ಟೂ ಪೂರ್ತಿ ಊರಬೇಕು. ಬರೀ ತುದಿಗಾಲಲ್ಲಿ ಹತ್ತಿದರೆ ಮೀನಖಂಡ ಅರ್ಧ ಗಂಟೆಗೇ ಗಂಟುಕಟ್ಟುತ್ತದೆ, ಹಿಮ್ಮಡಿ ಕೆಳಗಿಳಿದರೆ ಭಾರ ತೊಡೆಗೂ ಪೃಷ್ಠಕ್ಕೂ ಹಂಚಿಹೋಗುತ್ತದೆ. ಏರು ಕಡಿದಾದಾಗ ಅಂಗೈಯನ್ನು ಮಂಡಿಚಿಪ್ಪಿನ ಮೇಲಲ್ಲ, ಅದಕ್ಕಿಂತ ನಾಲ್ಕು ಬೆರಳು ಮೇಲೆ, ತೊಡೆಯ ಮೇಲೆ ಇಡಬೇಕು. ಬಲಗಾಲು ಊರಿದಾಗ ಬಲಗೈ, ಎಡಗಾಲಿಗೆ ಎಡಗೈ. ಒತ್ತುವ ಹೊತ್ತೂ ಮುಖ್ಯ: ಕಾಲು ಊರಿ, ಮೈ ಮೇಲೇಳುವ ಗಳಿಗೆಯಲ್ಲಿ ಕೆಳಕ್ಕೆ ಒತ್ತಬೇಕು. ಮೊದಮೊದಲು ನಾನು ಕಾಲು ಎತ್ತುವಾಗ ಒತ್ತುತ್ತಿದ್ದೆ. ಅದು ಬಾಗಿಲನ್ನು ಎರಡೂ ಕಡೆಯಿಂದ ತಳ್ಳಿದ ಹಾಗೆ.

ಇನ್ನೊಂದು ತಪ್ಪು ಸೊಂಟದ್ದು. ಬಾಗಬೇಕು, ನಿಜ, ಆದರೆ ಕಳೆದುಹೋದ ಉಂಗುರ ಹುಡುಕುವವನ ಹಾಗೆ ಮಡಚಿಕೊಂಡರೆ ಹೊಟ್ಟೆ ಒತ್ತಿ ಉಸಿರು ಒಳಗೆ ಹೋಗುವುದಿಲ್ಲ. ಎದೆ ತೆರೆದಿರಬೇಕು, ಕಣ್ಣು ನಾಲ್ಕೈದು ಮೆಟ್ಟಿಲು ಮುಂದಿರಬೇಕು. ತಪ್ಪುತ್ತಿದೆಯೋ ಇಲ್ಲವೋ ತಿಳಿಯಲು ಸುಲಭದ ಪರೀಕ್ಷೆ: ಒಂದು ಪೂರ್ತಿ ವಾಕ್ಯ ಗಟ್ಟಿಯಾಗಿ ಹೇಳಿ. 'ಇವತ್ತು ಮನೆಯಲ್ಲಿ ಇಡ್ಲಿ ಮಾಡಿರಬಹುದು' ಅಂತ ಒಂದೇ ಉಸಿರಿಗೆ ಬಂದರೆ ವೇಗ ಸರಿಯಾಗಿದೆ. 'ಇಡ್ಲಿ' ಮಾತ್ರ ಬಂದರೆ ನಿಧಾನಿಸಿ.

ಹಾಗಾದರೆ ಓಡುವುದು ಎಲ್ಲಿ, ನಡೆಯುವುದು ಎಲ್ಲಿ? ಕೊಲೊರಾಡೊದ ಸಂಶೋಧಕರು 2016ರಲ್ಲಿ ಇದನ್ನೇ ಅಳೆದು ಪ್ರಕಟಿಸಿದ್ದಾರೆ. ಕಡಿದಾದ ಟ್ರೆಡ್‌ಮಿಲ್ ಮೇಲೆ ಪಳಗಿದ ಬೆಟ್ಟದ ಓಟಗಾರರನ್ನೇ ಹತ್ತಿಸಿ, ಉಸಿರು ಅಳೆದು, ಯಾವುದಕ್ಕೆ ಕಡಿಮೆ ಶಕ್ತಿ ಖರ್ಚಾಗುತ್ತದೆ ಅಂತ ನೋಡಿದರು. ಇಳಿಜಾರು ಸುಮಾರು 16 ಡಿಗ್ರಿ ದಾಟಿದ ಮೇಲೆ, ಮೇಲೇರುವ ವೇಗ ಒಂದೇ ಆಗಿದ್ದರೂ, ಓಡುವುದಕ್ಕಿಂತ ನಡೆಯುವುದೇ ಅಗ್ಗ ಅಂತ ಬಂತು. ನೂರು ಮೀಟರ್ ಮುಂದೆ ಹೋಗುವಷ್ಟರಲ್ಲಿ ಇಪ್ಪತ್ತೆಂಟು ಮೀಟರ್ ಮೇಲೆ ಹೋದರೆ ಅದು 16 ಡಿಗ್ರಿ. ಅಲ್ಲಿ ಹತ್ತಿದವರು ಗಂಟೆಗೆ 1200 ಮೀಟರಿಗೂ ಹೆಚ್ಚು ಏರುವ ಗಟ್ಟಿಗರು. ನಾನು ಅಜ್ಜಿಯ ತಾಳದಲ್ಲಿ ಏರುವುದು ಗಂಟೆಗೆ ಐನೂರು ಮೀಟರ್. ನನ್ನಂಥವನು ಅಷ್ಟು ಕಡಿದಾಗುವವರೆಗೆ ಕಾಯಬೇಕಾಗಿಲ್ಲ. ಸಪಾಟು ನೆಲದಲ್ಲೂ ಗಂಟೆಗೆ ಏಳು ಕಿಲೋಮೀಟರಿನ ಆಸುಪಾಸಿನಲ್ಲಿ ಮೈ ತಾನಾಗಿ ನಡಿಗೆಯಿಂದ ಓಟಕ್ಕೆ ಹೊರಳುತ್ತದೆ. ಏರಿನಲ್ಲಿ ನಿಮ್ಮ 'ಓಟ' ಗಂಟೆಗೆ ಐದೇ ಕಿಲೋಮೀಟರ್ ಇದ್ದರೆ ಅದು ಓಟವಲ್ಲ, ನಿಂತಲ್ಲೇ ಕುಣಿತ. ಪಕ್ಕದಲ್ಲಿ ನಡೆಯುವವನು ನಿಮ್ಮ ಜೊತೆಗೇ ಬರುತ್ತಿದ್ದಾನೆ ಅಂತ ಕಂಡರೆ ನೀವೂ ನಡೆಯಿರಿ. ನಾನು ಒಂದು ಹೆಜ್ಜೆ ಮುಂದೆಯೇ ನಿಯಮ ಮಾಡಿಕೊಂಡೆ: ಉಸಿರು ಕಟ್ಟಿದ ಮೇಲೆ ನಡೆಯುವುದಲ್ಲ, ಏರು ಕಂಡ ಕೂಡಲೇ ನಡೆಯುವುದು. ಉಸಿರು ಒಮ್ಮೆ ಸಾಲಕ್ಕೆ ಬಿದ್ದರೆ ಬಡ್ಡಿ ಕಟ್ಟಿಯೇ ತೀರಬೇಕು.

ಹೀಗೆ ವಾರಕ್ಕೊಂದು ಭಾನುವಾರ, ಮೊದಲು ಒಂದು ಸಲ, ಆಮೇಲೆ ಎರಡು, ಏಳನೆಯ ವಾರಕ್ಕೆ ನಾಲ್ಕು ಸಲ. ನಾಲ್ಕನೆಯ ಸಲ ಹತ್ತಿದ್ದು ಮೊದಲನೆಯದಕ್ಕಿಂತ ಮೂರೇ ನಿಮಿಷ ಹೆಚ್ಚು ತೆಗೆದುಕೊಂಡಿತು. ಬೆಟ್ಟ ಹತ್ತುವ ವಿದ್ಯೆ ಕೈಗೆ ಬಂತು ಅಂತ ಬೀಗಿದೆ. ಇಳಿಯುವ ಕಥೆಯನ್ನು ಇಷ್ಟು ಹೊತ್ತು ಬಚ್ಚಿಟ್ಟಿದ್ದೇನೆ ಅನ್ನುವುದು ನಿಮಗೆ ಗೊತ್ತಾಗಿರಬೇಕು.

ಇಳಿಯುವುದರಲ್ಲಿ ಕಲಿಯೋದೇನಿದೆ, ಭೂಮಿತಾಯಿ ತಾನೇ ಎಳೆದುಕೊಳ್ಳುತ್ತಾಳೆ ಅಂತ ಮೊದಲ ಎರಡು ವಾರ ಮೆಟ್ಟಿಲಿನಲ್ಲಿ ನಡೆದೇ ಇಳಿದಿದ್ದೆ. ಮೂರನೆಯ ವಾರ ಧೈರ್ಯ ಬಂದು ಓಡಿ ಇಳಿದೆ, ಎರಡು ಸಲ. ಆ ದಿನ ಏನೂ ಆಗಲಿಲ್ಲ. ಸೋಮವಾರ ಸ್ವಲ್ಪ ಬಿಗಿ. ಮಂಗಳವಾರ ಬೆಳಗ್ಗೆ ಸಿಟಿ ಬಸ್ಸಿನ ಬಾಗಿಲಲ್ಲಿ ನಿಂತು ಕೆಳಗೆ ಕಾಲಿಡಲು ಹೋದರೆ ತೊಡೆ ಒಪ್ಪಲೇ ಇಲ್ಲ. ಕಂಬಿ ಹಿಡಿದು, ಹಿಂದುಮುಂದಾಗಿ, ತೊಟ್ಟಿಲಿನಿಂದ ಮಗು ಇಳಿಯುವ ಹಾಗೆ ಇಳಿದೆ. ಕಂಡಕ್ಟರ್ ಅಯ್ಯೋ ಪಾಪ ಅಂತ ಕೈಕೊಟ್ಟ. ಮನೆಯಲ್ಲಿ ಹೆಂಡತಿ ಕೇಳಿದಳು, 'ರೀ, ಇದು ಓಡೋ ಅಭ್ಯಾಸನಾ, ಇಲ್ಲ ಮುಪ್ಪಿನ ರಿಹರ್ಸಲ್ಲಾ?'

ಇದಕ್ಕೆ ಕಾರಣ ಬಾವಿಯಲ್ಲಿದೆ. ಹಗ್ಗ ಜಗ್ಗಿ ಕೊಡ ಮೇಲೆತ್ತುವುದು ಒಂದು ಕೆಲಸ. ತುಂಬಿದ ಕೊಡವನ್ನು ದಡಾರನೆ ಬೀಳದ ಹಾಗೆ ಹಗ್ಗ ಬಿಡುತ್ತ ಬಿಡುತ್ತ ಇಳಿಸುವುದು ಇನ್ನೊಂದು. ಎರಡನೆಯದರಲ್ಲಿ ಏದುಸಿರು ಬರುವುದಿಲ್ಲ, ಆದರೆ ಅಂಗೈ ಸುಲಿಯುತ್ತದೆ. ಇಳಿಜಾರಿನಲ್ಲಿ ನಿಮ್ಮ ತೊಡೆಯ ಮುಂಭಾಗದ ಸ್ನಾಯು ಮಾಡುವುದು ಆ ಎರಡನೆಯ ಕೆಲಸ. ಪ್ರತಿ ಹೆಜ್ಜೆಗೂ ಅದು ಉದ್ದವಾಗುತ್ತಲೇ ಭಾರ ತಡೆಯಬೇಕು. ಅಭ್ಯಾಸವಿಲ್ಲದ ಸ್ನಾಯುವಿನ ಎಳೆಗಳಿಗೆ ಇದರಿಂದ ಸಣ್ಣ ಸಣ್ಣ ಪೆಟ್ಟಾಗುತ್ತದೆ. ನೋವು ಕೂಡಲೇ ಅಲ್ಲ, ಒಂದರಿಂದ ಮೂರು ದಿನದೊಳಗೆ ಏರಿ ಆಮೇಲೆ ಇಳಿಯುತ್ತದೆ. ಒಳ್ಳೆಯ ಸುದ್ದಿಯೆಂದರೆ ಸ್ನಾಯು ಈ ಪೆಟ್ಟನ್ನು ನೆನಪಿಟ್ಟುಕೊಳ್ಳುತ್ತದೆ. ಒಂದು ಸಲ ನೋಯಿಸಿಕೊಂಡು ವಾಸಿಯಾದರೆ ಕೆಲವು ವಾರಗಳ ಮಟ್ಟಿಗೆ ಅಷ್ಟೇ ಇಳಿತ ಅಷ್ಟು ನೋಯಿಸುವುದಿಲ್ಲ. ಅದಕ್ಕೇ ಓಡಿ ಇಳಿಯುವ ಅಭ್ಯಾಸ ಹತ್ತು ದಿನಕ್ಕೊಮ್ಮೆ ಸಾಕು, ಮತ್ತು ಕೊನೆಯ ದೊಡ್ಡ ಇಳಿತ ರೇಸಿಗೆ ಎರಡು ವಾರ ಮೊದಲೇ ಮುಗಿದಿರಬೇಕು. ಹಿಂದಿನ ಭಾನುವಾರ ಇಳಿದು ಈ ಭಾನುವಾರ ಸಾಲಿನಲ್ಲಿ ನಿಂತರೆ ಹಳೆಯ ಗಾಯವೇ ತುಂಬಿರುವುದಿಲ್ಲ.

ಎರಡು ತೊಡೆಯೂ ಸಮನಾಗಿ, ಮಾಂಸದಲ್ಲಿ ನೋಯುತ್ತಿದ್ದರೆ ಅದು ಈ ನೋವು, ಹೆದರಬೇಡಿ. ಒಂದೇ ಮಂಡಿ, ಒಂದೇ ಜಾಗ, ಇಳಿಯುವಾಗಲೆಲ್ಲ ಚುಚ್ಚುತ್ತಿದ್ದರೆ ಅದು ಬೇರೆ. ಅದನ್ನು ಓಡಿ ವಾಸಿ ಮಾಡಿಕೊಂಡವರನ್ನು ನಾನು ಕಂಡಿಲ್ಲ.

ಆದರೆ ಮೆಟ್ಟಿಲಲ್ಲಿ ಇಳಿದವನಿಗೆ ತೋಟದ ದಾರಿ ಬರುವುದಿಲ್ಲ. ಮೆಟ್ಟಿಲಿಗೆ ಒಂದು ಪ್ರಾಮಾಣಿಕತೆ ಇದೆ, ಕಾಲಿಟ್ಟರೆ ಅಲ್ಲೇ ಇರುತ್ತದೆ. ಐದನೆಯ ವಾರ ಬಾಮೈದನ ಮನೆಗೆ ಹೋದೆ. ತೋಟದ ಹಿಂದಿನ ಏಣಿಯಂಥ ದಾರಿಯಲ್ಲಿ ಹತ್ತುವುದು ಸಲೀಸಾಯಿತು. ಇಳಿಯುವಾಗ ಕೆಂಪು ಮಣ್ಣಿನ ಮೇಲೆ ಜಲ್ಲಿಯಂಥ ಪುಡಿಗಲ್ಲು, ಅದರ ಮೇಲೆ ಸಿಲ್ವರ್ ಓಕಿನ ಒಣ ಎಲೆ. ಬೀಳುತ್ತೇನೆ ಅನ್ನಿಸಿತು. ಬೀಳುತ್ತೇನೆ ಅನ್ನಿಸಿದ ಮನುಷ್ಯ ಏನು ಮಾಡುತ್ತಾನೆ? ಹಿಂದಕ್ಕೆ ವಾಲುತ್ತಾನೆ. ವಾಲಿದೆ. ಹಿಮ್ಮಡಿ ಊರಿತು, ಕಾಲು ಮುಂದಕ್ಕೆ ಜಾರಿತು, ಉಳಿದದ್ದು ಅಲ್ಲೇ ಕೂತಿತು. ಹತ್ತು ಹೆಜ್ಜೆಗೊಂದು ಸಲ ಕೂತೆ. ಪ್ಯಾಂಟಿನ ಹಿಂಭಾಗ ಮಲೆನಾಡಿನ ಮಣ್ಣಿಗೆ ಹೋಯಿತು.

ಕೆಳಗೆ ಗೊಬ್ಬರದ ಮೂಟೆ ಹೊತ್ತ ಮೇಸ್ತ್ರಿ ನಿಂತು ನೋಡುತ್ತಿದ್ದರು. 'ಎಂತ ಮಾರಾಯ್ರೆ, ಗುಡ್ಡಕ್ಕೆ ಬೆನ್ನು ತೋರಿಸ್ತೀರಿ? ಮೂಗು ಮುಂದೆ ಹೋಗ್ಲಿ, ಕಾಲು ಹಿಂದೆ ತಾನಾಗಿ ಬರ್ತದೆ' ಅಂದರು. ಆಮೇಲೆ ಮೂಟೆ ಇಳಿಸದೆಯೇ ನನ್ನ ಮುಂದೆ ಇಳಿದು ತೋರಿಸಿದರು. ನಾನು ಎರಡು ಹೆಜ್ಜೆ ಇಡುವ ಜಾಗದಲ್ಲಿ ಅವರದು ಐದು. ಮಂಡಿ ಒಂದು ಗಳಿಗೆಯೂ ಸೆಟೆಯಲಿಲ್ಲ, ಹಳೆಯ ಸೋಫಾದ ಸ್ಪ್ರಿಂಗಿನ ಹಾಗೆ ಸದಾ ಅರ್ಧ ಮಡಚಿದ್ದೇ. ಪಾದ ಮೈಯ ಕೆಳಗೇ ಬೀಳುತ್ತಿತ್ತು, ಮುಂದೆ ಚಾಚುತ್ತಿರಲಿಲ್ಲ. ಒಂದು ಕಡೆ ಕಲ್ಲು ಉರುಳಿತು. ಅಷ್ಟರಲ್ಲಿ ಅವರ ಭಾರ ಮುಂದಿನ ಹೆಜ್ಜೆಗೆ ಹೋಗಿಯಾಗಿತ್ತು. ಗುಟ್ಟು ಅದೇ. ಸಣ್ಣ ಹೆಜ್ಜೆಯಲ್ಲಿ ಒಂದು ಕಾಲು ಜಾರಿದರೆ ಇನ್ನೊಂದು ಆಗಲೇ ಬಂದಿರುತ್ತದೆ. ದೊಡ್ಡ ಹೆಜ್ಜೆ ಜಾರಿದರೆ ಆಸ್ಪತ್ರೆಯವರು ಬರಬೇಕು.

ಮೂಗು ಮುಂದೆ ಅಂದರೆ ಸೊಂಟದಿಂದ ಬಗ್ಗುವುದಲ್ಲ, ಹರಡಿನಿಂದ ಇಡೀ ಮೈ ಒಂಚೂರು ಇಳಿಜಾರಿನ ಕಡೆ ವಾಲುವುದು. ಮೂಗಿನಿಂದ ಒಂದು ದಾರ ಇಳಿಬಿಟ್ಟರೆ ಕಾಲ್ಬೆರಳಿಗೆ ಮುಟ್ಟಬೇಕು. ಭಾರ ಆಗ ಹಿಮ್ಮಡಿಗೆ ಅಲ್ಲ, ಇಡೀ ಅಂಗಾಲಿಗೆ ಬೀಳುತ್ತದೆ, ಶೂ ತಳದ ಹಲ್ಲುಗಳೆಲ್ಲ ಮಣ್ಣು ಕಚ್ಚುತ್ತವೆ. ಕೈಗಳನ್ನು ಬದಿಗೆ ಬಿಡಬೇಕು, ಹೆದರಿದ ಕೋಳಿಯ ರೆಕ್ಕೆಯ ಹಾಗೆ; ಚೆಂದ ಕಾಣುವುದಿಲ್ಲ, ತೂಕ ಸರಿಹೋಗುತ್ತದೆ. ಕಣ್ಣು ಹೆಬ್ಬೆರಳ ಮೇಲಲ್ಲ, ಮೂರು ನಾಲ್ಕು ಮೀಟರ್ ಮುಂದೆ. ಈಗಿನ ಹೆಜ್ಜೆ ಎಲ್ಲಿಡಬೇಕು ಅಂತ ಆಗಲೇ ನೋಡಿಯಾಗಿದೆ, ಮತ್ತೆ ನೋಡಿದರೆ ಮುಂದಿನದು ತಪ್ಪುತ್ತದೆ. ವೇಗ ಹೆಚ್ಚಾಯಿತು ಅನ್ನಿಸಿದರೆ ಬ್ರೇಕು ಒತ್ತಬೇಡಿ, ಹೆಜ್ಜೆಯನ್ನು ಇನ್ನೂ ಗಿಡ್ಡ ಮಾಡಿ. ದಾರಿ ಅಗಲವಿದ್ದರೆ ನೇರ ಬಿಟ್ಟು ಅಂಕುಡೊಂಕಾಗಿ ಇಳಿಯಿರಿ. ಒದ್ದೆ ಬಂಡೆ, ಪಾಚಿ, ಎಲೆ ಮುಚ್ಚಿದ ಬೇರು, ಇವುಗಳ ಮೇಲೆ ಯಾವ ವಿದ್ಯೆಯೂ ನಡೆಯುವುದಿಲ್ಲ, ಸುಮ್ಮನೆ ನಡೆಯಿರಿ. ಮೇಸ್ತ್ರಿಯೂ ಅಲ್ಲಿ ನಡೆದೇ ಇಳಿದರು.

ಆ ದಿನ ಐವತ್ತು ಮೀಟರಿನ ಒಂದೇ ತುಂಡನ್ನು ಹನ್ನೆರಡು ಸಲ ಇಳಿದೆ, ಮೊದಲು ನಡೆದು, ಆಮೇಲೆ ಜಾಗಿಂಗ್. ಎಂಟನೆಯ ಸಲಕ್ಕೆ ಕಿವಿಗೆ ವ್ಯತ್ಯಾಸ ಗೊತ್ತಾಯಿತು. ತಪ್ಪಾಗಿ ಇಳಿಯುವಾಗ ಪ್ರತಿ ಹೆಜ್ಜೆಗೂ 'ದಬ್' ಅನ್ನುತ್ತದೆ, ಜೊತೆಗೆ ಕಲ್ಲು ಕೆರೆಯುವ ಸದ್ದು. ಸರಿಯಾದಾಗ ಪಟಪಟ ಅಂತ ಹಗುರ ಸದ್ದು, ಅಷ್ಟೇ. ಕಣ್ಣಿಗಿಂತ ಕಿವಿ ಒಳ್ಳೆಯ ಕೋಚು.

ಶೂ ವಿಷಯ ಒಂದು ಮಾತು. ಇಳಿಯುವಾಗ ಪಾದ ಶೂ ಒಳಗೆ ಮುಂದಕ್ಕೆ ಜಾರಿ ಉಗುರು ತುದಿಗೆ ಬಡಿಯುತ್ತದೆ. ನನ್ನ ಎಡಗಾಲ ಹೆಬ್ಬೆರಳ ಉಗುರು ಆರನೆಯ ವಾರ ನೇರಳೆ ಹಣ್ಣಾಯಿತು. ನಿಂತಾಗ ಬೆರಳ ಮುಂದೆ ಒಂದು ಹೆಬ್ಬೆರಳಗಲ ಜಾಗ ಇರಬೇಕು, ಉಗುರು ಎರಡು ದಿನ ಮೊದಲೇ ಕತ್ತರಿಸಿರಬೇಕು. ಶೂ ಮೇಲುಗಡೆ, ಹರಡಿನ ಹತ್ತಿರ, ಯಾರೂ ಬಳಸದ ಒಂದು ತೂತು ಇರುತ್ತದಲ್ಲ? ಲೇಸನ್ನು ಅದೇ ಬದಿಯ ಆ ತೂತಿಗೆ ಪೋಣಿಸಿದರೆ ಎರಡು ಕಡೆಯೂ ಒಂದೊಂದು ಕುಣಿಕೆ ಆಗುತ್ತದೆ. ಆ ಕುಣಿಕೆಯೊಳಗೆ ಎದುರು ಬದಿಯ ಲೇಸು ತೂರಿಸಿ ಬಿಗಿದರೆ ಹಿಮ್ಮಡಿ ಹಿಂದೆಯೇ ನಿಲ್ಲುತ್ತದೆ. ನಾಲ್ಕು ವರ್ಷದಿಂದ ಶೂ ಹಾಕುತ್ತಿದ್ದೇನೆ, ಆ ತೂತು ಗಾಳಿಗೆ ಅಂದುಕೊಂಡಿದ್ದೆ.

ರೇಸಿನ ದಿನ. ಮೊದಲ ಏರು ಎರಡೂವರೆ ಕಿಲೋಮೀಟರ್, ಮುನ್ನೂರೈವತ್ತು ಮೀಟರ್. ಶಿಳ್ಳೆ ಊದಿದ್ದೇ ತಡ ಹುಡುಗರೆಲ್ಲ ಓಡಿದರು. ನಾನು ಇನ್ನೂರು ಮೀಟರಿಗೆ ತೊಡೆಗೆ ಕೈಕೊಟ್ಟೆ. ಹಿಂದಿನಿಂದ ಒಬ್ಬ, 'ಅಂಕಲ್, ಈಗಲೇನಾ?' ಅಂದ. ಅವನು ಮೂರನೆಯ ತಿರುವಿನಲ್ಲಿ ಸೊಂಟಕ್ಕೆ ಕೈಕೊಟ್ಟು ತೋಟದ ಸೌಂದರ್ಯ ನೋಡುತ್ತಿದ್ದ. 'ಯಾಕಪ್ಪಾ, ಮೈಯಲ್ಲಿ ಹುಷಾರಿಲ್ವಾ?' ಅಂದೆ. ಹತ್ತು ವಾರ ಕಾದಿದ್ದ ಮಾತು ಅದು. ತುದಿಗೆ ನಲವತ್ತೊಂದು ನಿಮಿಷ. ಅಜ್ಜಿಯ ತಾಳ ಒಂದು ಕೂದಲೆಳೆ ತಪ್ಪಿರಲಿಲ್ಲ.

ಇಳಿತದಲ್ಲಿ ಅದೇ ಹುಡುಗ ದಬದಬ ಅಂತ ನನ್ನನ್ನು ದಾಟಿದ, ಹಿಂದಕ್ಕೆ ವಾಲಿಕೊಂಡು. ಕಿವಿಗೆ ಗೊತ್ತಾಯಿತು. ಹದಿನಾಲ್ಕನೆಯ ಕಿಲೋಮೀಟರಿನ ಹೊತ್ತಿಗೆ ಅವನು ಒಂದು ಕಲ್ಲಿನ ಮೇಲೆ ಕೂತು ತೊಡೆ ಗುದ್ದಿಕೊಳ್ಳುತ್ತಿದ್ದ. ಈ ಸಲ ಚುಡಾಯಿಸಲಿಲ್ಲ, ಜೇಬಿನ ಕಡಲೆಮಿಠಾಯಿ ಅರ್ಧ ಕೊಟ್ಟೆ. ನಾನೂ ಹದಿನೇಳರ ನಂತರ ಒಣ ಎಲೆಯ ಮೇಲೆ ಒಂದು ಸಲ ಕೂತೇ ಬಿಟ್ಟೆ, ಯಾರೂ ನೋಡಲಿಲ್ಲ. ಕಾಲುಚೀಲದಲ್ಲಿ ಎರಡು ಇಂಬಳ ಉಚಿತ ಪ್ರಯಾಣ ಮಾಡಿದವು. ಮುಗಿಸಿದಾಗ ಐದು ಗಂಟೆ ಹದಿನೆಂಟು ನಿಮಿಷ.

ಸಂಜೆ ಅಕ್ಕಿರೊಟ್ಟಿ ತಿನ್ನುತ್ತಿದ್ದಾಗ ಅತ್ತೆ ಕೇಳಿದರು, ಎಷ್ಟು ದೂರ ಓಡಿದಿರಿ ಅಂತ. ಇಪ್ಪತ್ತೊಂದು ಕಿಲೋಮೀಟರ್ ಅಂದೆ. ಎಷ್ಟು ಹೊತ್ತಾಯಿತು? ಐದೂಕಾಲು ಗಂಟೆ. ಅವರು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು, 'ಅಷ್ಟು ಹೊತ್ತಲ್ಲಿ ಚಿಕ್ಕಮಗಳೂರಲ್ಲಿ ಬಸ್ ಹತ್ತಿದ್ರೆ ಮೈಸೂರಲ್ಲಿ ಇಳಿದು ಕಾಫಿ ಕುಡಿದಾಗ್ತಿತ್ತಲ್ಲ ಅಳಿಯಂದ್ರೇ' ಅಂದರು. ಬಾಮೈದ ಮತ್ತೆ ಫೋನನ್ನು ಎದೆಗೆ ಒತ್ತಿಕೊಂಡು ಹಿತ್ತಿಲಿಗೆ ಓಡಿದ. ಅವನಿಗೆ ಯಾರದೂ ಫೋನು ಬಂದಿರಲಿಲ್ಲ.